ನೋವಾ-19 ಉಪಗ್ರಹದ ಸಂಕೇತ ಸಿಗುತ್ತಿಲ್ಲ: ದೋಷ ನನ್ನ ಆಂಟೆನಾದ್ದೇ? (ನವೆಂಬರ್ 2025)

ಕಾಫಿಕಣ, ಮೂಡಿಗೆರೆ (16 ನವೆಂಬರ್ 2025)

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಇದೇ ಹೊತ್ತಿಗೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಮತ್ತು ನಾನೇ ಕಟ್ಟಿದ ವಿ-ಆಕಾರದ ಆಂಟೆನಾದಿಂದ ನೋವಾ ಉಪಗ್ರಹಗಳ ಮೋಡದ ಚಿತ್ರಗಳನ್ನು ಚೆನ್ನಾಗಿಯೇ ಪಡೆಯುತ್ತಿದ್ದೆ. ಮಳೆಗಾಲ ಶುರುವಾದಾಗ ಸಿಡಿಲಿಗೆ ಹೆದರಿ ಎಲ್ಲವನ್ನೂ ಬಿಚ್ಚಿಟ್ಟಿದ್ದೆ. ಈಗ ಅರೇಬಿಕಾ ಕೊಯ್ಲು ಶುರುವಾಗಿದೆ, ಕಣದಲ್ಲಿ ಕಾಫಿ ಹರಡಿದೆ, ಮೋಡ ನೋಡಬೇಕೆಂಬ ಆತುರವಿದೆ.

ಆ್ಯಪ್ ಪ್ರಕಾರ ನಿನ್ನೆ ನೋವಾ-19 ನಮ್ಮ ನೆತ್ತಿಯ ಸಮೀಪವೇ, 71 ಡಿಗ್ರಿ ಎತ್ತರದಲ್ಲಿ ಹಾದುಹೋಯಿತು. 137.100 ಮೆಗಾಹರ್ಟ್ಸ್‌ನಲ್ಲಿ ಆ ಟಿಕ್-ಟಾಕ್ ಸದ್ದು ಒಂದು ಕ್ಷಣವೂ ಕೇಳಲಿಲ್ಲ. ಕೇಬಲ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಈಗಿನ ಸ್ಥಿತಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ಘಟ್ಟದಂಚು, ಸಕಲೇಶಪುರ (16 ನವೆಂಬರ್)

ಕಕ್ಷೆಯ ಮಾಹಿತಿ, ಅಂದರೆ ಟಿಎಲ್‌ಇ, ಹಳೆಯದಾಗಿರಬೇಕು. ಐದಾರು ತಿಂಗಳು ನವೀಕರಿಸದಿದ್ದರೆ ಆ್ಯಪ್ ತೋರಿಸುವ ಸಮಯ ತಪ್ಪುತ್ತದೆ. ನನಗೂ ಹೀಗೆಯೇ ಆಗಿತ್ತು.

ಕಾಫಿಕಣ, ಮೂಡಿಗೆರೆ (16 ನವೆಂಬರ್)

ಅದನ್ನು ಮೊದಲೇ ನೋಡಿದೆ ಸರ್. ಮೊದಲ ಸಾಲಿನಲ್ಲಿ 25318 ಎಂದಿದೆ. 2025ರ 318ನೆಯ ದಿನ, ಅಂದರೆ ನವೆಂಬರ್ 14. ಎರಡೇ ದಿನ ಹಳೆಯದು.

ಬಯಲುಸೀಮೆ, ಕಡೂರು (17 ನವೆಂಬರ್)

ಕಾಫಿ ಒಣಗಿಸಲು ಮೋಡ ನೋಡಬೇಕಾದರೆ ಇಷ್ಟು ಕಷ್ಟವೇಕೆ? ಇಸ್ರೋದ ಮೋಸ್‌ಡ್ಯಾಕ್ ಜಾಲತಾಣದಲ್ಲಿ ಇನ್ಸಾಟ್ ಚಿತ್ರಗಳು ಸಿಗುತ್ತವೆ. ಆ ಉಪಗ್ರಹಗಳನ್ನು ನೋಡಿಕೊಳ್ಳುವುದೇ ನಮ್ಮ ಹಾಸನದ ನಿಯಂತ್ರಣ ಕೇಂದ್ರ. ನಾನು ಈರುಳ್ಳಿ ಕೀಳುವ ಮೊದಲು ಅದನ್ನೇ ನೋಡುತ್ತೇನೆ.

ಆಂಟೆನಾ, ಹಾಸನ (17 ನವೆಂಬರ್)

ಕಣಕ್ಕೆ ಕಡೂರಿನವರ ಸಲಹೆಯೇ ಸೂಕ್ತ. ಆದರೆ ಪ್ರಶ್ನೆ ಇರುವುದು ಸಂಕೇತದ ಬಗ್ಗೆ, ಅದಕ್ಕೆ ಉತ್ತರಿಸುತ್ತೇನೆ.

ನಿಮ್ಮ ಆಂಟೆನಾವನ್ನು ದೂರಬೇಡಿ. ನೀವು ಎಲ್ಲವನ್ನೂ ಬಿಚ್ಚಿಟ್ಟಿದ್ದ ತಿಂಗಳುಗಳಲ್ಲೇ ಆ ಮೂರೂ ಉಪಗ್ರಹಗಳ ಸೇವೆ ಮುಗಿಯಿತು. ನೋವಾ-18 ಜೂನ್ 2025ರಲ್ಲಿ, ನೋವಾ-19 ಮತ್ತು 1998ರಿಂದ ದುಡಿದ ನೋವಾ-15 ಆಗಸ್ಟ್‌ನಲ್ಲಿ ನಿವೃತ್ತಿಯಾದವು. ಪ್ರಸಾರ ಮತ್ತೆ ಶುರುವಾಗುವುದಿಲ್ಲ.

ನಿಮ್ಮನ್ನು ದಾರಿ ತಪ್ಪಿಸಿದ್ದು ಆ ತಾಜಾ ದಿನಾಂಕವೇ. ಟಿಎಲ್‌ಇ ಹೇಳುವುದು ಆ ವಸ್ತು ಆಕಾಶದಲ್ಲಿ ಎಲ್ಲಿದೆ ಎಂಬುದನ್ನು ಮಾತ್ರ. ಸತ್ತ ಉಪಗ್ರಹವೂ ಸುತ್ತುತ್ತಲೇ ಇರುತ್ತದೆ, ನೆಲದ ರೇಡಾರ್‌ಗಳು ಅದನ್ನೂ ಅಳೆಯುತ್ತಲೇ ಇರುತ್ತವೆ. ಆ್ಯಪ್‌ಗೆ ಅದರ ಪ್ರಸಾರ ನಿಂತದ್ದು ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ಯಾರಾದರೂ ಈಚೆಗೆ ಕೇಳಿರಬೇಕು, ಯಾವ ದಿನ ಕೇಳಿದರೆಂದು ಬರೆದಿರಬೇಕು. 2023ರ ಮಾರ್ಗದರ್ಶಿಗಳು ಇಂದಿಗೂ ನೋವಾ ಹುಡುಕಿ ಎಂದೇ ಹೇಳುತ್ತಿವೆ.

ಈಗ ಅದೇ ಆಂಟೆನಾಗೆ ಸಿಗುವುದು ರಷ್ಯಾದ ಮೀಟಿಯೋರ್-ಎಂ ಎನ್2-3 ಮತ್ತು ಎನ್2-4. ನಿನ್ನೆ ಎನ್2-4ರ ಚಿತ್ರ ನನಗೆ ಹಾಸನದಲ್ಲಿ ಬಂತು. ಎನ್2-3ರ ಆಂಟೆನಾ ಸರಿಯಾಗಿ ಬಿಚ್ಚಿಕೊಂಡಿಲ್ಲವಾದ್ದರಿಂದ ಅದು ಕ್ಷೀಣ. ಇವು ಬಳಸುವುದು 137.9 ಅಥವಾ 137.1 ಮೆಗಾಹರ್ಟ್ಸ್. ಯಾವಾಗ ಬೇಕಾದರೂ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತಾರೆ, ಆದ್ದರಿಂದ ನನ್ನ ಮಾತು ಇಂದಿನ ಮಟ್ಟಿಗೆ ಮಾತ್ರ.

ಘಟ್ಟದಂಚು, ಸಕಲೇಶಪುರ (17 ನವೆಂಬರ್)

ಹಾಗಾದರೆ ಆವರ್ತನ ಬದಲಿಸಿ, ಹಳೆಯ ತಂತ್ರಾಂಶದಲ್ಲೇ ಎಫ್‌ಎಂ ಧ್ವನಿಯನ್ನು ಮುದ್ರಿಸಿಕೊಂಡರೆ ಸಾಕಲ್ಲವೇ?

ಆಂಟೆನಾ, ಹಾಸನ (17 ನವೆಂಬರ್)

ಸಾಲದು. ನೋವಾದ್ದು ಅನಲಾಗ್ ಧ್ವನಿ, ಇದು ಡಿಜಿಟಲ್. ಕಿವಿಗೆ ಬರೀ ಗುಂಯ್ ಎನ್ನುತ್ತದೆ. ವಾಟರ್‌ಫಾಲ್‌ನಲ್ಲಿ ಸುಮಾರು 120 ಕಿಲೋಹರ್ಟ್ಸ್ ಅಗಲದ ಚಪ್ಪಟೆ ಪಟ್ಟೆ ಕಾಣಬೇಕು. ಸ್ಯಾಟ್‌ಡಂಪ್ ತಂತ್ರಾಂಶ ಹಾಕಿಕೊಂಡು, ಉಪಗ್ರಹ ದಿಗಂತದಿಂದ ಮೇಲೇಳುವಾಗ ಹೀಗೆ ಕೊಡಿ:

```
satdump live meteor_m2-x_lrpt chitra --source rtlsdr --samplerate 1.024e6 --frequency 137.9e6 --gain 40 --timeout 900 --finish_processing
```

ಪಟ್ಟೆ ಕಾಣದಿದ್ದರೆ ಮುಂದಿನ ಸಲ 137.1e6 ಹಾಕಿ. ಆಂಟೆನಾದ ತೋಳುಗಳು ತಲಾ 53 ಸೆಂಟಿಮೀಟರ್, ನಡುವೆ 120 ಡಿಗ್ರಿ ಇದ್ದರೆ ಏನನ್ನೂ ಬದಲಿಸಬೇಕಿಲ್ಲ. ಅದಕ್ಕೂ ಮೊದಲು ಡಾಂಗಲ್‌ನಲ್ಲಿ ಹಾಸನ ಆಕಾಶವಾಣಿ ಹಿಡಿದು ನೋಡಿ. ಅದು ಕೇಳಿಸಿದರೆ ಡಾಂಗಲ್ ಮತ್ತು ಕೇಬಲ್ ಕೆಲಸ ಮಾಡುತ್ತಿವೆ ಎಂದರ್ಥ.

ಕಾಫಿಕಣ, ಮೂಡಿಗೆರೆ (18 ನವೆಂಬರ್)

ಮೂರು ದಿನ ಆಂಟೆನಾವನ್ನೇ ಶಪಿಸುತ್ತಿದ್ದೆನಲ್ಲ! ಆಕಾಶವಾಣಿ ಸ್ಪಷ್ಟವಾಗಿ ಬಂತು. ಎನ್2-4 ಹಾಯುವಾಗ ಪಟ್ಟೆಯೂ ಕಂಡಿತು. ಅರಬ್ಬೀ ಸಮುದ್ರದ ಮೇಲಿನ ಮೋಡಗಳು ನೋವಾ ಚಿತ್ರಕ್ಕಿಂತ ಎಷ್ಟೋ ಸ್ಫುಟವಾಗಿವೆ, ಬಹಳ ಖುಷಿಯಾಯಿತು. ಆದರೆ ಚಿತ್ರ ಬಂದದ್ದು ನಡುವಿನ ನಾಲ್ಕು ನಿಮಿಷದ್ದು ಮಾತ್ರ, ಆರಂಭ ಮತ್ತು ಕೊನೆಯಲ್ಲಿ ಕಪ್ಪು ಪಟ್ಟಿಗಳಿವೆ.

ಘಟ್ಟದಂಚು, ಸಕಲೇಶಪುರ (18 ನವೆಂಬರ್)

ಸುತ್ತ ಸಿಲ್ವರ್ ಓಕ್ ಮರಗಳಿವೆಯೇ? ಎಲೆ ಒದ್ದೆಯಿದ್ದಾಗ ಸಂಕೇತ ಕುಗ್ಗುವುದನ್ನು ನಾನು ಕಂಡಿದ್ದೇನೆ.

ಆಂಟೆನಾ, ಹಾಸನ (18 ನವೆಂಬರ್)

ಮರಕ್ಕಿಂತ ಗುಡ್ಡದ ಮೇಲೆಯೇ ನನಗೆ ಅನುಮಾನ. ಅನಲಾಗ್ ಚಿತ್ರ ಸಂಕೇತ ಕುಗ್ಗಿದಂತೆ ನಿಧಾನವಾಗಿ ಮಸುಕಾಗುತ್ತಿತ್ತು, ಇದು ಒಂದು ಮಟ್ಟದ ಕೆಳಗೆ ಒಮ್ಮೆಲೇ ಕಡಿದುಹೋಗುತ್ತದೆ. ಕಪ್ಪು ಪಟ್ಟಿ ಶುರುವಾದ ನಿಮಿಷದಲ್ಲಿ ಉಪಗ್ರಹ ಎಷ್ಟು ಡಿಗ್ರಿ ಎತ್ತರದಲ್ಲಿ, ಯಾವ ದಿಕ್ಕಿನಲ್ಲಿತ್ತು ಎಂದು ಎರಡು ಮೂರು ಸಲ ಬರೆದಿಡಿ. ಪ್ರತಿ ಸಲವೂ ಒಂದೇ ದಿಕ್ಕಿನಲ್ಲಿ, ಒಂದೇ ಎತ್ತರದಲ್ಲಿ ಕಡಿದರೆ ಅಡ್ಡ ಇರುವುದು ಗುಡ್ಡ. ದಿನಕ್ಕೊಂದು ರೀತಿಯಾದರೆ ಮರವನ್ನೂ ಗೇನ್ ಮಟ್ಟವನ್ನೂ ನೋಡೋಣ.

ಕಾಫಿಕಣ, ಮೂಡಿಗೆರೆ (18 ನವೆಂಬರ್)

ಪಶ್ಚಿಮಕ್ಕೆ ಗುಡ್ಡವಿದೆ, ಪೂರ್ವಕ್ಕೆ ಮರಗಳಿವೆ. ನಾಳೆಯಿಂದ ಬರೆದಿಡುತ್ತೇನೆ. ಭಾನುವಾರ ಗೋದಾಮಿನ ಮೇಲೆ ಕಂಬ ಏರಿಸಿ ಅದನ್ನೂ ಇಲ್ಲಿ ಹಾಕುತ್ತೇನೆ.