ಅರಬ್ಬಿ ‘ಹಲ್ಲ’: ಜೋಡಿ ಲಕಾರ ಒಡೆಯುವುದು ಯಾವಾಗ?

ಕುಂದಾಪುರದವ: ಎರಡನೆಯ ಮತ್ತು ಮೂರನೆಯ ಅಕ್ಷರ ಒಂದೇ ಆಗಿರುವ ಕ್ರಿಯಾಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ‘ಹಲ್ಲ’ ಎಂದರೆ ಅವನು ಬಿಡಿಸಿದನು. ‘ನಾನು ಬಿಡಿಸಿದೆ’ ಎನ್ನಲು ಪಠ್ಯದಲ್ಲಿ ‘ಹಲಲ್ತು’ ಎಂದಿದೆ, ‘ಅವಳು ಬಿಡಿಸಿದಳು’ ಎನ್ನಲು ‘ಹಲ್ಲತ್’ ಎಂದಿದೆ. ಎರಡರ ಕೊನೆಯಲ್ಲೂ ತಕಾರವೇ. ಒಂದು ಏಕೆ ಒಡೆಯಿತು, ಇನ್ನೊಂದು ಏಕೆ ಒಡೆಯಲಿಲ್ಲ?

ಶದ್ದಪ್ರಿಯ: ಸುಲಭ. ಭೂತಕಾಲದಲ್ಲಿ ಒಡೆಯುತ್ತದೆ, ವರ್ತಮಾನದಲ್ಲಿ ಕೂಡಿಕೊಳ್ಳುತ್ತದೆ: ಹಲಲ್ತು, ಯಹುಲ್ಲು.

ಗಲ್ಫ್ ಮರಳಿದವ: ನಾನು ದುಬೈಯಲ್ಲಿದ್ದಾಗ ಎಲ್ಲರೂ ‘ಹಲ್ಲೇತ್’ ಎನ್ನುತ್ತಿದ್ದರು. ‘ಹಲಲ್ತು’ ಯಾರ ಬಾಯಲ್ಲೂ ಕೇಳಿದ ನೆನಪಿಲ್ಲ. ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಹಳೆಯ ವಿದ್ಯಾರ್ಥಿ: ಆಡುಮಾತಿನಲ್ಲಿ ‘ಏ’ ಸೇರಿಸಿ ಒಡೆಯುವ ಗೋಜನ್ನೇ ತಪ್ಪಿಸಿಕೊಂಡಿದ್ದಾರೆ, ಜಾಣರು. ಬರಹದಲ್ಲಿ ಅದು ನಡೆಯದು.

ಶದ್ದಪ್ರಿಯರೇ, ಕಾಲಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಹಲ್ಲೂ’ (ಅವರು ಬಿಡಿಸಿದರು) ಭೂತಕಾಲವೇ, ಆದರೂ ಕೂಡಿಯೇ ಇದೆ. ‘ಯಹ್ಲುಲ್ನ’ (ಆ ಹೆಂಗಸರು ಬಿಡಿಸುತ್ತಾರೆ) ವರ್ತಮಾನ, ಆದರೂ ಒಡೆದಿದೆ. ನೋಡಬೇಕಾದದ್ದು ಎರಡನೆಯ ಲಕಾರಕ್ಕೆ ಸ್ವರವಿದೆಯೇ ಎಂಬುದನ್ನು. ‘ಹಲ್ಲತ್’ನಲ್ಲಿ ಪ್ರತ್ಯಯ ‘-ಅತ್’, ಅದರ ಅಕಾರ ಲಕಾರದ ಮೇಲೆ ಕೂರುತ್ತದೆ. ‘ನಾನು’ ಎಂಬುದರ ಪ್ರತ್ಯಯ ಬರೀ ‘-ತು’. ಅದನ್ನು ನೇರವಾಗಿ ಅಂಟಿಸಿದರೆ ಎರಡು ಲಕಾರಗಳೂ ಸುಕೂನ್ ಹೊತ್ತು, ಅಂದರೆ ಸ್ವರವಿಲ್ಲದೆ, ಅಕ್ಕಪಕ್ಕ ನಿಲ್ಲುತ್ತವೆ. ಅರಬ್ಬಿ ಅದನ್ನು ಸಹಿಸದು. ಹಾಗಾಗಿ ಮೊದಲ ಲಕಾರಕ್ಕೆ ಅದರ ಮೂಲ ಸ್ವರ ಮರಳಿ ಬರುತ್ತದೆ: ಹ-ಲಲ್-ತು.

ಶದ್ದಪ್ರಿಯ: ಹಾಗಾದರೆ ‘ಹಲ್ಲಲ್ತು’ ಎಂದು ಓದಿದ್ದೇನಲ್ಲ, ಅದರಲ್ಲಿ ಕೂಡಿದ್ದೂ ಇದೆ, ಒಡೆದದ್ದೂ ಇದೆ!

ಹಳೆಯ ವಿದ್ಯಾರ್ಥಿ: ಅದು ‘ಹಲ್ಲಲ’, ವಿಶ್ಲೇಷಿಸಿದನು. ಎರಡನೆಯ ಅಕ್ಷರವನ್ನೇ ಇಮ್ಮಡಿಸಿ ಕಟ್ಟಿದ ಬೇರೆ ಅಚ್ಚು. ಮೂರನೆಯ ಲಕಾರ ಅಲ್ಲಿ ಎಂದೂ ಕರಗುವುದಿಲ್ಲ.

ಕುಂದಾಪುರದವ: ಕ್ರಿಯಾಪದದ ಮುಂದೆ ‘ಲಮ್’ ಎಂಬ ನಿಷೇಧಪದ ಬಂದಾಗ? ಅಲ್ಲಿ ಪ್ರತ್ಯಯವೇ ಇಲ್ಲದೆ ಕೊನೆಗೆ ಸುಕೂನ್ ಬರುತ್ತದೆ.

ಹಳೆಯ ವಿದ್ಯಾರ್ಥಿ: ಅಲ್ಲಿ ಎರಡೂ ಸರಿ. ‘ಲಮ್ ಯಹ್ಲುಲ್’ ಎಂದು ಒಡೆಯಬಹುದು. ಇಲ್ಲವೇ ಕೊನೆಗೊಂದು ಅಕಾರ ಕೊಟ್ಟು ‘ಲಮ್ ಯಹುಲ್ಲ’ ಎನ್ನಬಹುದು. ಒಡೆಯುವುದು ಹಿಜಾಝಿನವರ ರೂಢಿ, ಕೂಡಿಸುವುದು ತಮೀಮ್ ಬುಡಕಟ್ಟಿನವರದು ಎಂದು ವ್ಯಾಕರಣಕಾರರು ಹೇಳುತ್ತಾರೆ. ಹಫ್ಸ್ ಪಾಠದ ಕುರಾನಿನಲ್ಲೇ ಎರಡೂ ಸಿಗುತ್ತವೆ: ಅಲ್‌ಬಕರ 217ರಲ್ಲಿ ‘ಯರ್ತದಿದ್’, ಅಲ್‌ಮಾಇದ 54ರಲ್ಲಿ ‘ಯರ್ತದ್ದ’. ಆಜ್ಞಾರ್ಥಕ್ಕೂ ಇದೇ ಆಯ್ಕೆ. ತಾಹಾ ಅಧ್ಯಾಯದಲ್ಲಿ ಮೂಸಾ ತನ್ನ ನಾಲಿಗೆಯ ಗಂಟು ಬಿಡಿಸೆಂದು ಬೇಡುವಾಗ ಬರುವುದು ನಿಮ್ಮದೇ ಕ್ರಿಯಾಪದ, ಒಡೆದ ರೂಪದಲ್ಲಿ: ‘ಉಹ್ಲುಲ್’. ಆದರೆ ‘ಲಮ್ ಯಹುಲ್ಲೂ’ ಎಂಬ ಬಹುವಚನದಲ್ಲಿ ಆಯ್ಕೆಯಿಲ್ಲ, ಲಕಾರದ ಮೇಲೆ ಊಕಾರವಿದೆ.

ಕುಂದಾಪುರದವ: ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?

ಶದ್ದಪ್ರಿಯ: ಕೂಡಿಸಿದ್ದು. ಚಿಕ್ಕದು.

ಹಳೆಯ ವಿದ್ಯಾರ್ಥಿ: ನಾನಾದರೆ ಒಡೆದು ಬರೆಯುತ್ತೇನೆ. ಸ್ವರಚಿಹ್ನೆ ಇಲ್ಲದ ಬರಹದಲ್ಲಿ ‘ಯಹುಲ್ಲು’, ‘ಯಹುಲ್ಲ’ ಎರಡೂ ಒಂದೇ ಥರ ಕಾಣುತ್ತವೆ. ‘ಯಹ್ಲುಲ್’ನಲ್ಲಿ ಎರಡು ಲಕಾರ ಕಣ್ಣಿಗೆ ಬೀಳುತ್ತವೆ. ನಿಮ್ಮ ಮೇಷ್ಟ್ರಿಗೆ ಯಾವುದು ಇಷ್ಟವೋ ಅವರನ್ನೇ ಕೇಳಿ.