ಪದಚರ್ಚೆ: ಕಳ್ಳನ ‘ಉದ್ದೇಶ’ ಒಳ್ಳೆಯದಿದ್ದರೆ?

ಬೆಳಗಾವಿಯ ಅನುವಾದಕಿ

ಎಲ್ಲರಿಗೂ ನಮಸ್ಕಾರ. ಒಂದು ಪದ ನನ್ನ ಕೈ ಕಟ್ಟಿಹಾಕಿದೆ. ಕಾನೂನು ಓದುವ ಮಕ್ಕಳಿಗಾಗಿ ಇಂಗ್ಲಿಷಿನ ಅಭ್ಯಾಸ ಪ್ರಶ್ನೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಂದು ಹೀಗಿದೆ. ಬರಗಾಲ ಬಿದ್ದಿದೆ. ಸಾಹುಕಾರನ ಗೋದಾಮಿನಲ್ಲಿ ಜೋಳದ ಚೀಲ ತುಂಬಿವೆ. ಒಬ್ಬ ಕೂಲಿಕಾರ ರಾತ್ರಿ ಹತ್ತು ಚೀಲ ಹೊತ್ತು ತಂದು ಹಸಿದ ಮನೆಗಳಿಗೆ ಹಂಚುತ್ತಾನೆ. ತನಗೆ ಅಂತ ಒಂದು ಹಿಡಿಯನ್ನೂ ಇಟ್ಟುಕೊಳ್ಳುವುದಿಲ್ಲ. ಇದು ಕಳ್ಳತನವೇ?

ಪ್ರಶ್ನೆಯ ಮೇಲಿದ್ದ ನಿಯಮವನ್ನು ನಾನು ಬರೆದದ್ದು: ‘ಇನ್ನೊಬ್ಬರ ವಶದಲ್ಲಿರುವ ವಸ್ತುವನ್ನು ಅವರ ಒಪ್ಪಿಗೆ ಇಲ್ಲದೆ ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶದಿಂದ ಸರಿಸಿದರೆ ಅದು ಕಳ್ಳತನ.’ ಕಥೆಯ ಕೊನೆಯ ಸಾಲು: ‘ಬಡವರ ಹಸಿವು ನೀಗಿಸುವುದು ಅವನ ಉದ್ದೇಶವಾಗಿತ್ತು.’ ಇಂಗ್ಲಿಷಿನಲ್ಲಿ ಮೇಲಿನದು ಇಂಟೆನ್ಶನ್, ಕೆಳಗಿನದು ಮೋಟಿವ್. ನಾನು ಎರಡಕ್ಕೂ ಉದ್ದೇಶ ಎಂದು ಬರೆದುಬಿಟ್ಟೆ. ಮುಕ್ಕಾಲು ಪಾಲು ಮಕ್ಕಳು ‘ಉದ್ದೇಶ ಒಳ್ಳೆಯದು, ಆದ್ದರಿಂದ ಕಳ್ಳತನ ಅಲ್ಲ’ ಎಂದು ಉತ್ತರಿಸಿದ್ದಾರೆ. ಉತ್ತರ ತಪ್ಪು. ಆದರೆ ತಪ್ಪು ಮಕ್ಕಳದ್ದೋ ನನ್ನದೋ? ಮೋಟಿವ್‌ಗೆ ಬೇರೆ ಪದ ಹೇಳಿ.

ವಿಜಯಪುರದ ನಿವೃತ್ತ ಮೇಷ್ಟ್ರು

ಅಕ್ಕಾವರೆ, ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ? ಮೋಟಿವ್ ಅಂದರೆ ಪ್ರೇರಣೆ. ಇಂಟೆನ್ಶನ್ ಅಂದರೆ ಉದ್ದೇಶ. ಹಿಂದಿಯವರು ಮೋಟಿವ್‌ಗೆ ‘ಹೇತು’ ಎನ್ನುತ್ತಾರೆ, ಅದೂ ನಡೆಯುತ್ತದೆ. ಮತ್ತೆ ಇನ್ನೊಂದು ಮಾತು. ಮೋಟಿವ್ ಏನಿತ್ತು ಅಂತ ಕೋರ್ಟಿಗೆ ಬೇಕೇ ಇಲ್ಲ. ಆ ಕೊನೆಯ ಸಾಲನ್ನೇ ತೆಗೆದುಬಿಡಿ, ಗೊಂದಲ ಮುಗಿಯಿತು.

ಜಮಖಂಡಿಯ ಓದುಗ

ಮೋಟಿವೇಶನ್‌ಗೆ ಸ್ಫೂರ್ತಿ ಅನ್ನೋದೇ ಚಂದ ಸರ್. ನಮ್ಮ ತರಬೇತಿ ಶಿಬಿರದಲ್ಲಿ ಅದನ್ನೇ ಬಳಸುತ್ತೇವೆ.

ಬಾಗಲಕೋಟೆಯ ವಕೀಲೆ

ಸ್ಫೂರ್ತಿಯಿಂದ ಚೀಲ ಹೊತ್ತ ಅಂದರೆ ನಮ್ಮ ನ್ಯಾಯಾಧೀಶರು ನಕ್ಕುಬಿಡುತ್ತಾರೆ ತಮ್ಮಾ.

ಮೇಷ್ಟ್ರೇ, ‘ಪ್ರೇರಣೆ’ಯಲ್ಲಿ ಒಂದು ತೊಡಕಿದೆ. ಒಬ್ಬನಿಗೆ ಕುಮ್ಮಕ್ಕು ಕೊಟ್ಟು ಅಪರಾಧ ಮಾಡಿಸುವುದಕ್ಕೆ ಕಾನೂನಿನ ಕನ್ನಡದಲ್ಲಿ ‘ದುಷ್ಪ್ರೇರಣೆ’ ಅನ್ನುತ್ತೇವೆ. ‘ಆತ್ಮಹತ್ಯೆಗೆ ಪ್ರೇರಣೆ’ ಅಂತ ಪೇಪರಿನಲ್ಲಿ ದಿನಾ ಓದುತ್ತೀರಿ. ಹಾಗಾಗಿ ‘ಅವನ ಪ್ರೇರಣೆ ಏನು’ ಎಂದರೆ ‘ಅವನಿಗೆ ಯಾರು ಕುಮ್ಮಕ್ಕು ಕೊಟ್ಟರು’ ಅಂತ ಕೇಳಿಸುತ್ತದೆ. ‘ಹೇತು’ ಬೆಳಗಾವಿಯಲ್ಲಿ ಇನ್ನೂ ಕಷ್ಟ. ಮರಾಠಿಯಲ್ಲಿ ‘ಹೇತುಪುರಸ್ಸರ’ ಅಂದರೆ ಬೇಕಂತಲೇ ಮಾಡಿದ್ದು. ಅಂದರೆ ಅದೇ ಪದ ಅಲ್ಲಿ ಇಂಟೆನ್ಶನ್ ಕಡೆ ನಿಂತಿದೆ!

‘ಉದ್ದೇಶ’ವನ್ನು ಮಾತ್ರ ಇಂಟೆನ್ಶನ್‌ಗೇ ಬಿಡಿ. ‘ಉದ್ದೇಶಪೂರ್ವಕ’ ಎಂಬ ಪದ ಎಲ್ಲರ ಬಾಯಲ್ಲೂ ಇದೆ. ಒಳ್ಳೆಯ ಉದ್ದೇಶದಿಂದ ಮಾಡಿದ ಅಂತ ಅದರ ಅರ್ಥ ಅಲ್ಲ, ಬೇಕಂತ ಮಾಡಿದ ಅಂತ ಅಷ್ಟೇ.

ಈಗ ಜೋಳದ ಚೀಲಕ್ಕೆ ಬರೋಣ. ಹಳೆಯ ದಂಡ ಸಂಹಿತೆಯ 378ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 303. ಎರಡರಲ್ಲೂ ಮಾತು ಒಂದೇ. ಮಕ್ಕಳು ಎಡವಿದ್ದು ‘ಅಪ್ರಾಮಾಣಿಕವಾಗಿ’ ಎಂಬಲ್ಲಿ. ಅವರು ಅದನ್ನು ‘ಸ್ವಾರ್ಥದಿಂದ’ ಎಂದು ಓದಿಕೊಂಡಿದ್ದಾರೆ. ಕಾನೂನಿನಲ್ಲಿ ಅದರ ಅರ್ಥ ಬೇರೆ. ಒಬ್ಬರಿಗೆ ಅಕ್ರಮ ಲಾಭ ಮಾಡಿಕೊಡುವ, ಇಲ್ಲವೇ ಇನ್ನೊಬ್ಬರಿಗೆ ಅಕ್ರಮ ನಷ್ಟ ಮಾಡುವ ಉದ್ದೇಶ ಇದ್ದರೆ ಸಾಕು. ಲಾಭ ಕಳ್ಳನಿಗೇ ಆಗಬೇಕು ಅಂತಿಲ್ಲ. ಚೀಲ ಸಾಹುಕಾರನದು, ಅವನು ಕೊಟ್ಟಿಲ್ಲ, ಅವನಿಗೆ ನಷ್ಟ ಆಗುತ್ತದೆ ಅಂತ ಕೂಲಿಕಾರನಿಗೆ ಗೊತ್ತು. ಆ ನಷ್ಟ ಆಗಲಿ ಅಂತಲೇ ಚೀಲ ಎತ್ತಿದ. ತೆಗೆದುಕೊಳ್ಳಲು ಅಂತ ಮೊದಲ ಚೀಲವನ್ನು ಜಾಗದಿಂದ ಸರಿಸಿದ ಕ್ಷಣಕ್ಕೇ ಕಳ್ಳತನ ಪೂರ್ತಿ ಆಯಿತು. ಹಂಚಿದ್ದು ಆಮೇಲಿನ ಮಾತು. ಬಡವರ ಮೇಲಿನ ಕನಿಕರ ಶಿಕ್ಷೆ ಎಷ್ಟು ಅನ್ನುವಾಗ ಕೆಲಸಕ್ಕೆ ಬರಬಹುದು, ಅಪರಾಧ ಆಯಿತೋ ಇಲ್ಲವೋ ಅನ್ನುವಾಗ ಅಲ್ಲ.

ಮುಧೋಳದ ಅಂಗಡಿಕಾರ

ವಕೀಲರೇ, ಪದದ ಚರ್ಚೆಯಲ್ಲಿ ನನ್ನ ಗೋಳು ತರುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಒಬ್ಬರಿಗೆ ಕೈಗಡ ಕೊಟ್ಟಿದ್ದೆ. ಎರಡು ವರ್ಷ ಸತಾಯಿಸಿದರು. ಕೊನೆಗೆ ಅವರ ಮನೆ ಮುಂದೆ ನಿಂತಿದ್ದ ಬೈಕ್ ತಂದು ನನ್ನ ಅಂಗಡಿಯಲ್ಲಿ ನಿಲ್ಲಿಸಿದೆ. ದುಡ್ಡು ಕೊಟ್ಟ ದಿನ ಒಯ್ಯಿರಿ ಅಂದೆ. ಕಳ್ಳತನ ಅಂತ ದೂರು ಕೊಟ್ಟಿದ್ದಾರೆ. ನನ್ನ ಉದ್ದೇಶ ವಸೂಲಿ, ಕಳ್ಳತನ ಅಲ್ಲವಲ್ಲ? ನನಗೆ ಆ ಬೈಕ್ ಬೇಕಾಗಿಯೂ ಇಲ್ಲ!

ಬಾಗಲಕೋಟೆಯ ವಕೀಲೆ

ಅಣ್ಣಾ, ನಿಮ್ಮ ಕೇಸನ್ನು ಕಾಗದ ನೋಡಿದ ನಿಮ್ಮ ವಕೀಲರೇ ಹೇಳಬೇಕು. ಆದರೆ ಪದ ಮಾತ್ರ ಇಲ್ಲೂ ಮೋಸ ಮಾಡಿದೆ. ವಸೂಲಿ ಎನ್ನುವುದು ನೀವು ಯಾಕೆ ತಂದಿರಿ ಅನ್ನುವುದಕ್ಕೆ ಉತ್ತರ. ಏನು ಮಾಡಬೇಕಂತ ತಂದಿರಿ? ಅವರನ್ನು ಕೇಳದೆ ಬೈಕನ್ನು ಅವರ ವಶದಿಂದ ತಪ್ಪಿಸಿ, ದುಡ್ಡು ಬರುವ ತನಕ ಇಟ್ಟುಕೊಳ್ಳಬೇಕಂತ. ಇಂಥದ್ದೇ ಪ್ರಶ್ನೆ 1895ರಲ್ಲಿ ಕಲ್ಕತ್ತಾ ಹೈಕೋರ್ಟಿನ ಪೂರ್ಣ ಪೀಠದ ಮುಂದೆ ಬಂದಿತ್ತು. ಸಾಲ ಪಡೆದವನನ್ನು ಮಣಿಸಲು ಅವನ ವಸ್ತುವನ್ನು ಒಪ್ಪಿಗೆ ಇಲ್ಲದೆ ಒಯ್ದರೆ ಅದೂ ಕಳ್ಳತನವೇ ಎಂದಿತು ಪೀಠ. ಕಾಯಂ ಆಗಿ ಇಟ್ಟುಕೊಳ್ಳಬೇಕು ಅಂತೇನಿಲ್ಲ.

ಆದರೆ ಬೈಕ್ ನಿಮ್ಮದೇ ಅಂತ ಪ್ರಾಮಾಣಿಕವಾಗಿ ನಂಬಿ ತಂದಿದ್ದರೆ ಮಾತು ಬೇರೆ. ಅಲ್ಲಿ ಅಪ್ರಾಮಾಣಿಕ ಉದ್ದೇಶವೇ ಹುಟ್ಟುವುದಿಲ್ಲ, ಕಳ್ಳತನ ಆಗುವುದಿಲ್ಲ.

ಮುಧೋಳದ ಅಂಗಡಿಕಾರ

ಬೈಕ್ ನನ್ನದು ಅಂತ ನಾನು ಹೇಗೆ ನಂಬಲಿ, ಬಣ್ಣ ಸಹ ಬೇರೆ. ನಾಳೆ ವಕೀಲರ ಹತ್ತಿರ ಹೋಗುತ್ತೇನೆ.

ವಿಜಯಪುರದ ನಿವೃತ್ತ ಮೇಷ್ಟ್ರು

ಅಂದರೆ ನಾನು ಹೇಳಿದ್ದೇ ಆಯಿತಲ್ಲ. ಮೋಟಿವ್ ಕೋರ್ಟಿಗೆ ಬೇಡ.

ಬಾಗಲಕೋಟೆಯ ವಕೀಲೆ

ಅರ್ಧ ಆಯಿತು ಸರ್. ಅಪರಾಧದ ಅಂಶವಾಗಿ ಬೇಡ, ಸಾಕ್ಷ್ಯವಾಗಿ ಬೇಕು. ನೋಡಿದವರು ಯಾರೂ ಇಲ್ಲದ ಕೊಲೆಯಲ್ಲಿ ಹಳೆಯ ಹಗೆತನ ಸರಪಳಿಯ ಒಂದು ಕೊಂಡಿ ಆಗುತ್ತದೆ. ಕಣ್ಣಾರೆ ಕಂಡವರ ಮಾತು ಗಟ್ಟಿಯಾಗಿದ್ದರೆ ಯಾಕೆ ಕೊಂದ ಅಂತ ಗೊತ್ತಾಗದಿದ್ದರೂ ಶಿಕ್ಷೆ ಆಗಬಹುದು.

ಇದರ ಉಲ್ಟಾ ತಪ್ಪೂ ನಡೆಯುತ್ತದೆ. ಬದುವಿನ ಜಗಳ ಇರುವ ಇಬ್ಬರು. ಒಬ್ಬನು ಕಬ್ಬಿನ ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯುವಾಗ ಇನ್ನೊಬ್ಬನು ಗಾಲಿಗೆ ಸಿಕ್ಕಿ ಸತ್ತ. ಊರವರು ತಕ್ಷಣ ‘ದ್ವೇಷ ಇತ್ತಲ್ಲ, ಬೇಕಂತನೇ ಹಾಯಿಸ್ಯಾನ’ ಅನ್ನುತ್ತಾರೆ. ದ್ವೇಷ ಇತ್ತು ಅನ್ನುವುದು ‘ಯಾಕೆ ಮಾಡಿರಬಹುದು’ ಅಂತ ಹೇಳುತ್ತದೆ. ಬೇಕಂತ ಹಾಯಿಸಿದನೋ, ಹಿಂದೆ ನೋಡದೆ ತೆಗೆದನೋ ಅನ್ನುವುದನ್ನು ಬೇರೆಯಾಗಿ ತೋರಿಸಬೇಕು. ಎರಡನೆಯದಾದರೆ ಅದು ಕೊಲೆ ಅಲ್ಲ, ನಿರ್ಲಕ್ಷ್ಯ.

ಬೆಳಗಾವಿಯ ಅನುವಾದಕಿ

‘ಬೇಕಂತ’ ಮತ್ತು ‘ಯಾಕೆ’. ಊರವರ ಬಾಯಲ್ಲೇ ಎರಡೂ ಬೇರೆಬೇರೆ ಇದೆ ಅಂತಾಯಿತು, ನಾನೇ ಒಂದು ಮಾಡಿದ್ದು. ಕೊನೆಯ ಸಾಲನ್ನು ತೆಗೆಯುವುದಿಲ್ಲ ಮೇಷ್ಟ್ರೇ. ಅದು ಹೋದರೆ ಪ್ರಶ್ನೆಯ ಜೀವವೇ ಹೋಗುತ್ತದೆ. ಹೀಗೆ ತಿದ್ದಿದ್ದೇನೆ: ‘ಬಡವರ ಹಸಿವು ನೋಡಲಾಗದೆ ಅವನು ಹೀಗೆ ಮಾಡಿದ.’ ಮೋಟಿವ್ ಇದೆ, ಆ ಪದ ಇಲ್ಲ. ಆದರೆ ಮುಂದಿನ ಪಾಠದ ತಲೆಬರಹಕ್ಕೆ ಪದ ಬೇಕೇ ಬೇಕು. ‘ಕಾರಣ’ ಸಾಕೇ? ‘ಕೊಲೆಗೆ ಕಾರಣ ತಿಳಿದುಬಂದಿಲ್ಲ’ ಅಂತ ಪೇಪರಿನವರು ಬರೆಯುವುದು ಮೋಟಿವ್ ಬಗ್ಗೆಯೇ ಅಲ್ವಾ?

ವಿಜಯಪುರದ ನಿವೃತ್ತ ಮೇಷ್ಟ್ರು

ಅದೇ ಪೇಪರಿನ ಮುಂದಿನ ಸಾಲಿನಲ್ಲಿ ‘ಸಾವಿಗೆ ಕಾರಣ ತಲೆಗೆ ಬಿದ್ದ ಏಟು’ ಎಂದಿರುತ್ತದೆ. ಏಟು ಮೋಟಿವ್ ಆಗುತ್ತದೆಯೇ? ನಾನು ಪ್ರೇರಣೆ ಬಿಡುವುದಿಲ್ಲ.

ಬಾಗಲಕೋಟೆಯ ವಕೀಲೆ

ನಾನು ಆರೋಪಿಯನ್ನು ಕೇಳುವಾಗ ‘ಯಾತಕ್ಕ ಮಾಡಿದಿ’ ಅಂತ ಕೇಳುತ್ತೇನೆ. ಅದನ್ನು ತಲೆಬರಹ ಮಾಡಲು ಪುಸ್ತಕದವರು ಒಪ್ಪುತ್ತಾರೋ ಕೇಳಿ ನೋಡಿ ಅಕ್ಕಾ.