‘ಕೊಟ್ಟ’ ಸರಿಯಾದರೆ ‘ನೋಟ್ಟ’ ಏಕೆ ತಪ್ಪು?

ಮಾನ್ಯರೇ,

ಹೊರದೇಶದಲ್ಲಿ ಬೆಳೆಯುತ್ತಿರುವ ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ನಾನು ವಾರಕ್ಕೊಮ್ಮೆ ಕನ್ನಡ ಕಲಿಸುತ್ತೇನೆ. ‘ಹಲ್ಲು’ ಮತ್ತು ‘ಹಾಲು’, ‘ಕಲ್ಲು’ ಮತ್ತು ‘ಕಾಲು’ ಎಂಬ ಜೋಡಿಗಳನ್ನು ಅವರು ಬೇಗನೆ ಹಿಡಿದರು. ತೊಡಕು ಎದುರಾದದ್ದು ಕ್ರಿಯಾಪದಗಳಲ್ಲಿ. ‘ಕೊಡು’ ಎಂಬುದು ‘ಕೊಟ್ಟ’ ಆಗುವುದಾದರೆ ‘ನೋಡು’ ಎಂಬುದು ‘ನೋಟ್ಟ’ ಏಕೆ ಆಗಬಾರದು ಎಂದು ಒಬ್ಬ ಹುಡುಗಿ ಕೇಳಿದಳು. ಇನ್ನೊಬ್ಬನು ‘ಅಪ್ಪ ಹಣ ಕೊಡಿದ’ ಎಂದೇ ಬರೆದಿದ್ದನು. ರೂಢಿ ಹಾಗಿದೆ ಎಂದು ಹೇಳಿ ಅಂದು ತಪ್ಪಿಸಿಕೊಂಡೆ. ಯಾವ ಧಾತುವಿಗೆ ದ್ವಿತ್ವ ಬರುತ್ತದೆ, ಯಾವುದಕ್ಕೆ ‘ಇದ’ ಸೇರುತ್ತದೆ ಎಂಬುದನ್ನು ಮೊದಲೇ ಗುರುತಿಸುವ ಉಪಾಯವಿದೆಯೇ?

*

ಇದರಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. ದೀರ್ಘಸ್ವರದ ಮುಂದೆ ದ್ವಿತ್ವವು ಕನ್ನಡದಲ್ಲಿ ಎಂದಿಗೂ ಬರುವುದಿಲ್ಲ; ಆದ್ದರಿಂದ ‘ನೋಟ್ಟ’ ಎಂಬ ರೂಪ ಹುಟ್ಟಲಾರದು.

*

ದೀರ್ಘ ತಪ್ಪಿದರೆ ಎಂಥ ಅನರ್ಥವಾಗುತ್ತದೆ ಎಂಬುದಕ್ಕೆ ನನ್ನದೇ ಅನುಭವವೊಂದಿದೆ. ನಾನು ಕರಡು ತಿದ್ದಿಕೊಟ್ಟ ಲೇಖನವೊಂದರಲ್ಲಿ ‘ಆಳುವ ಪಕ್ಷ’ ಎಂಬುದು ‘ಅಳುವ ಪಕ್ಷ’ ಎಂದು ಅಚ್ಚಾಗಿ, ವಾರವಿಡೀ ಫೋನುಗಳು ಬಂದವು. ಮಕ್ಕಳಿಂದ ದಿನವೂ ಗಟ್ಟಿಯಾಗಿ ಓದಿಸಿರಿ, ಎಲ್ಲವೂ ಸರಿಹೋಗುತ್ತದೆ.

*

ಗಟ್ಟಿಯಾಗಿ ಓದಿಸಿದರೆ ‘ನೋಟ್ಟ’ ಎಂಬುದನ್ನೂ ಗಟ್ಟಿಯಾಗಿ ಓದುತ್ತಾರೆ, ಅಷ್ಟೆ. ಕೇಳಿರುವುದು ಬೇರೆ ಪ್ರಶ್ನೆ. ಇನ್ನು ದೀರ್ಘದ ಮುಂದೆ ದ್ವಿತ್ವ ಎಂದಿಗೂ ಬಾರದು ಎಂದವರು ಅದೇ ಉತ್ತರದಲ್ಲಿ ‘ಆದ್ದರಿಂದ’ ಎಂದು ಬರೆದಿದ್ದಾರೆ! ‘ಆದುದರಿಂದ’ ಎಂಬಲ್ಲಿನ ನಡುವಣ ಉಕಾರ ಬಿದ್ದುಹೋಗಿ ಆ ಒತ್ತು ಉಂಟಾಗಿದೆ. ಆದರೂ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ಏಕೆಂದರೆ ಅಚ್ಚಗನ್ನಡದ ಪದಗಳಲ್ಲಿ ಇಂಥವು ಬಹಳ ವಿರಳ.

ಮಕ್ಕಳಿಗೆ ಹೇಳಬಹುದಾದದ್ದು ಇಷ್ಟು. ಡು, ಗು, ರು ಎಂದು ಮುಗಿಯುವ ಎರಡಕ್ಷರದ ಧಾತುಗಳಲ್ಲಿ ಮೊದಲ ಸ್ವರವನ್ನು ನೋಡಬೇಕು. ಅದು ಹ್ರಸ್ವವಾಗಿದ್ದರೆ ಭೂತಕಾಲದಲ್ಲಿ ವ್ಯಂಜನ ಇಮ್ಮಡಿಸುತ್ತದೆ: ಬಿಡು ಬಿಟ್ಟ, ಸುಡು ಸುಟ್ಟ, ನಗು ನಕ್ಕ, ಹೊರು ಹೊತ್ತ. ದೀರ್ಘವಾಗಿದ್ದರೆ ‘ಇದ’ ಸೇರುತ್ತದೆ: ಹಾಡಿದ, ಬೇಡಿದ, ಕೂಗಿದ, ಏರಿದ. ಬರು, ತರು, ಇರು, ಆಗು, ಹೋಗು ಎಂಬವು ಈ ಹಿಡಿತಕ್ಕೆ ಸಿಗುವುದಿಲ್ಲ; ಆದರೆ ಅವು ದಿನನಿತ್ಯದ ಮಾತುಗಳಾದ್ದರಿಂದ ಮಕ್ಕಳಿಗೆ ತಾವಾಗಿಯೇ ಬಂದಿರುತ್ತವೆ. ‘ಹೊರಡು’ ಮೂರಕ್ಷರದ್ದು, ಅದಕ್ಕೆ ‘ಹೊರಟ’ ಎಂದು ಒಂದೇ ಟಕಾರ.

ತರಗತಿಯಲ್ಲಿ ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬ ಗಾದೆಯನ್ನು ಕೊಟ್ಟು ನೋಡಿರಿ. ದೊಡ್ಡವರೂ ಇಲ್ಲಿನ ಅಟ್ಟವನ್ನು ಮನೆಯ ಮೇಲಣ ಅಟ್ಟವೆಂದು ತಿಳಿಯುವುದುಂಟು. ಅದು ‘ಅಡು’, ಎಂದರೆ ಬೇಯಿಸು, ಎಂಬುದರ ಭೂತರೂಪ; ‘ಅಡುಗೆ’ ಬಂದದ್ದೂ ಅದರಿಂದಲೇ. ‘ಕೆಡು’ ಎಂಬುದು ‘ಕೆಟ್ಟ’ ಆದ ಹಾಗೆಯೇ ‘ಅಡು’ ಎಂಬುದು ‘ಅಟ್ಟ’ ಆಗಿದೆ. ಸ್ವರವನ್ನು ಎಳೆದು ‘ಆಡು’ ಎಂದರೆ ಭೂತರೂಪ ‘ಆಡಿದ’ ಆಗುತ್ತದೆ. ಅಡುವವಳು ಒಲೆಯ ಮುಂದಿದ್ದರೆ ಆಡುವವಳು ಅಂಗಳದಲ್ಲಿರುತ್ತಾಳೆ.

ಅಳುವ ಪಕ್ಷದ ವಿಷಯದಲ್ಲಿ ಒಂದು ಮಾತು. ಅಳು ಮತ್ತು ಆಳು ಇಂದು ಸ್ವರದ ಉದ್ದದಿಂದ ಮಾತ್ರ ಬೇರೆಯಾಗಿವೆ. ಹಳಗನ್ನಡದಲ್ಲಿ ವ್ಯಂಜನವೂ ಬೇರೆಯಾಗಿದ್ದು, ಮೊದಲನೆಯದು ‘ಅೞು’, ಎರಡನೆಯದು ‘ಆಳ್’. ೞಕಾರವು ಳಕಾರದಲ್ಲಿ ಸೇರಿಹೋದ ಮೇಲೆ ಇಡೀ ಭಾರ ದೀರ್ಘದ ಮೇಲೆ ಬಿದ್ದಿತು. ಅತ್ತ, ಆಳಿದ ಎಂಬ ಭೂತರೂಪಗಳಲ್ಲಿ ಮಾತ್ರ ಗೊಂದಲವಿಲ್ಲ.

*

ಉಪಕಾರವಾಯಿತು. ಆದರೆ ಈ ನಿಯಮವನ್ನು ಹೇಳಿದ ಕೂಡಲೇ ಅದೇ ಹುಡುಗಿ ‘ಬೀಳು’, ‘ಏಳು’ ಎಂಬವನ್ನು ಹಿಡಿದುಕೊಂಡು ಬರುತ್ತಾಳೆ. ಅಲ್ಲಿ ಸ್ವರ ದೀರ್ಘವಾಗಿದ್ದರೂ ‘ಬಿದ್ದ’, ‘ಎದ್ದ’ ಎಂದೇ ಹೇಳುತ್ತೇವೆ. ಒತ್ತು ಬಂದದ್ದರಿಂದ ಸ್ವರ ಕುಗ್ಗಿತೆನ್ನೋಣವೇ?

*

ನಾನು ಅದನ್ನು ತಿರುಗಿಸಿ ನೋಡುತ್ತೇನೆ. ತಮಿಳಿನಲ್ಲಿ ಈ ಧಾತುಗಳು ‘ವಿೞು’, ‘ಎೞು’ ಎಂದು ಹ್ರಸ್ವವಾಗಿಯೇ ಇವೆ. ಹಾಗಾದರೆ ‘ಬಿದ್ದ’ ಎಂಬಲ್ಲಿ ಹಳೆಯ ಹ್ರಸ್ವ ಉಳಿದುಕೊಂಡು, ಕನ್ನಡದ ಧಾತುವೇ ಕೊನೆಯ ಉಕಾರವನ್ನು ಕಳೆದುಕೊಂಡು ‘ಬೀೞ್’ ಎಂದು ಹಿಗ್ಗಿರಬೇಕು. ತಮಿಳಿನಲ್ಲಿಯೂ ದೀರ್ಘವಾಗಿಯೇ ಇರುವ ‘ವಾೞ್’ ನಮ್ಮಲ್ಲಿ ‘ಬಾಳಿದ’ ಆಗಿರುವುದು ಇದಕ್ಕೆ ಒಪ್ಪುತ್ತದೆ. ಆದರೆ ಸಾಯು, ಸತ್ತ ಎಂಬ ಜೋಡಿ ಈ ವಿವರಣೆಗೆ ಬಗ್ಗುವುದಿಲ್ಲ. ತಮಿಳಿನಲ್ಲಿಯೂ ಧಾತು ‘ಸಾ’ ಎಂದು ದೀರ್ಘವಾಗಿದ್ದು, ಭೂತರೂಪದಲ್ಲಿ ಮಾತ್ರ ಹ್ರಸ್ವ ಕಾಣುತ್ತದೆ. ಅಲ್ಲಿ ತಾವು ಹೇಳಿದಂತೆ ಸ್ವರವೇ ಕುಗ್ಗಿರಬಹುದು. ಹುಡುಗಿ ಅದನ್ನೂ ಕೇಳಿದರೆ ಇಲ್ಲಿಗೇ ಬರೆಯಿರಿ.